ವಾಂತಿಭೇದಿಯಲ್ಲಿ ನಾಡಿ ತಪ್ಪಿದಾಗ

ವಾಂತಿಭೇದಿಯಾದವರ ಎದೆ ಡವಡವ ಹೊಡೆದುಕೊಳ್ಳಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಮೈಯಿಂದ ನೀರು ಹೊರಟುಹೋಗಿರುವುದು. ಇನ್ನೊಂದು, ಆ ನೀರಿನ ಜೊತೆಗೇ ಲವಣಗಳು, ಅದರಲ್ಲೂ ಪೊಟ್ಯಾಸಿಯಂ, ಹೊರಟುಹೋಗಿರುವುದು. ಮೊದಲನೆಯದರಲ್ಲಿ ನಾಡಿ ಜೋರಾಗಿ ಓಡುತ್ತದೆ, ಆದರೆ ತಾಳ ತಪ್ಪುವುದಿಲ್ಲ. ಎರಡನೆಯದರಲ್ಲಿ ತಾಳವೇ ಕೆಡುತ್ತದೆ. ನಡುವೆ ಒಂದು ಬಡಿತ ಬಿಟ್ಟುಹೋದಂತೆ, ಅದರ ಬೆನ್ನಿಗೆ ಎದೆಯೊಳಗೆ ಯಾರೋ ಗುದ್ದಿದಂತೆ ಅನಿಸುತ್ತದೆ. ಬಾಯಿಮಾತಿನಲ್ಲಿ ಎರಡಕ್ಕೂ ‘ಎದೆ ಹಾರುತ್ತಿದೆ’ ಎಂದೇ ಹೇಳುವುದರಿಂದ ಎರಡಕ್ಕೂ ಒಂದೇ ಚಿಕಿತ್ಸೆ ಸಾಕು ಎಂಬ ಭಾವನೆ ಬೆಳೆದಿದೆ. ಅದು ಸರಿಯಲ್ಲ. ಮೊದಲನೆಯದು ನೀರು ತುಂಬಿದರೆ ಇಳಿಯುತ್ತದೆ. ಎರಡನೆಯದು ಬರೀ ನೀರಿನಿಂದ ಇಳಿಯುವುದಿಲ್ಲ, ಕೆಲವೊಮ್ಮೆ ಬರೀ ‘ಗ್ಲೂಕೋಸ್ ಡ್ರಿಪ್’ನಿಂದ ಇನ್ನಷ್ಟು ಕೆಡುತ್ತದೆ.

ನೀರು ಕಡಿಮೆಯಾದಾಗ ಆಗುವುದನ್ನು ಅರ್ಥಮಾಡಿಕೊಳ್ಳುವುದು ಸುಲಭ. ರಕ್ತದ ಪ್ರಮಾಣ ತಗ್ಗಿದರೆ ಹೃದಯಕ್ಕೆ ಮರಳಿ ಬರುವ ರಕ್ತವೂ ತಗ್ಗುತ್ತದೆ, ಹಾಗಾಗಿ ಒಂದೊಂದು ಬಡಿತಕ್ಕೂ ಹೊರಗೆ ಚಿಮ್ಮುವುದು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ನಿಮಿಷಕ್ಕೆ 75 ಇದ್ದ ನಾಡಿ 110ಕ್ಕೋ 120ಕ್ಕೋ ಏರುತ್ತದೆ. ಮಲಗಿದ್ದವರು ಎದ್ದು ನಿಂತಾಗ ನಾಡಿ ಇನ್ನೂ 30ರಷ್ಟು ಹೆಚ್ಚಿದರೆ, ಜೊತೆಗೆ ಕಣ್ಣು ಕತ್ತಲೆ ಬಂದರೆ, ಮೈಯಲ್ಲಿ ನೀರು ಸಾಕಷ್ಟು ಇಂಗಿದೆ ಎಂದರ್ಥ. ಬಾಯಿ ಒಣಗುವುದು, ಮೂತ್ರ ಗಾಢ ಹಳದಿಯಾಗಿ ಅಳತೆಯಲ್ಲಿ ಕಡಿಮೆಯಾಗುವುದು, ಕಣ್ಣು ಒಳಕ್ಕೆ ಹೋಗುವುದು ಇದರ ಇತರ ಗುರುತುಗಳು. ಈ ಓಟ ಹೃದಯದ ಕಾಯಿಲೆಯಲ್ಲ. ಹೃದಯ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ, ಅದಕ್ಕೆ ಬೇಕಾಗಿರುವುದು ನೀರು ಮತ್ತು ಉಪ್ಪು.

ಪೊಟ್ಯಾಸಿಯಂ ಕತೆ ಬೇರೆಯೇ. ಅದು ತಿಳಿಯಬೇಕಾದರೆ ಈ ಲವಣ ದೇಹದಲ್ಲಿ ಎಲ್ಲಿ ಇರುತ್ತದೆ ಎಂಬುದನ್ನು ಮೊದಲು ನೋಡಬೇಕು. 60 ಕಿಲೋ ತೂಕದ ವ್ಯಕ್ತಿಯ ಮೈಯಲ್ಲಿ ಒಟ್ಟು ಸುಮಾರು 120 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ, ಹೆಚ್ಚಿನದು ಸ್ನಾಯುಗಳಲ್ಲಿ. ರಕ್ತದಲ್ಲಿ ಮತ್ತು ಕೋಶಗಳ ಸುತ್ತಲಿನ ದ್ರವದಲ್ಲಿ ಇರುವುದು ಎರಡೂವರೆ ಗ್ರಾಂಗಿಂತ ಹೆಚ್ಚಲ್ಲ. ಲ್ಯಾಬಿನವರು ಅಳೆಯುವುದು ಈ ಹೊರಗಿನ ಚಿಕ್ಕ ಪಾಲನ್ನು. ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಒಂದು ಮಿಲಿಮೋಲ್ ಎಂದರೆ 39 ಮಿಲಿಗ್ರಾಂ ಪೊಟ್ಯಾಸಿಯಂ. ಕೋಶದ ಒಳಗೆ ಇದೇ ಲೆಕ್ಕ ಲೀಟರಿಗೆ 140ಕ್ಕೂ ಮೇಲೆ. ಸೋಡಿಯಂ ಇದಕ್ಕೆ ತದ್ವಿರುದ್ಧ: ಹೊರಗೆ 135ರಿಂದ 145, ಒಳಗೆ ಹತ್ತು ಹದಿನೈದು.

ಈ ಏರುಪೇರು ತಾನಾಗಿ ಉಳಿಯುವಂಥದ್ದಲ್ಲ. ಪ್ರತಿ ಜೀವಕೋಶದ ಪೊರೆಯಲ್ಲೂ ಒಂದು ಪಂಪು ಹಗಲಿರುಳು ಮೂರು ಸೋಡಿಯಂ ಕಣಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು. ಅದಕ್ಕಾಗಿ 1997ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಒಳಗೂ ಹೊರಗೂ ಇರುವ ಈ ವ್ಯತ್ಯಾಸದಿಂದಲೇ ಹೃದಯದ ಕೋಶ ಒಂದು ಪುಟ್ಟ ಬ್ಯಾಟರಿಯಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಡಿತದ ಕ್ಷಣದಲ್ಲಿ ಸೋಡಿಯಂ ಒಳಕ್ಕೆ ನುಗ್ಗುತ್ತದೆ, ಹಿಂದೆಯೇ ಕ್ಯಾಲ್ಸಿಯಂ ಬರುತ್ತದೆ, ಸ್ನಾಯು ಹಿಂಡಿಕೊಳ್ಳುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹರಿದು ಕೋಶ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಮುಂದಿನ ಬಡಿತಕ್ಕೆ ಅಣಿಯಾಗುವ ಕೆಲಸ ಬಹುಮಟ್ಟಿಗೆ ಪೊಟ್ಯಾಸಿಯಂನದು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಹೊರಗೆ ಪೊಟ್ಯಾಸಿಯಂ ಕಡಿಮೆಯಿದ್ದರೆ ಒಳಗಿನದು ಇನ್ನೂ ಸಲೀಸಾಗಿ ಹೊರಗೆ ಹರಿಯಬೇಕಲ್ಲವೇ? ಹಾಗಾಗುವುದಿಲ್ಲ. ಪೊಟ್ಯಾಸಿಯಂ ಹೊರಹೋಗುವ ಬಾಗಿಲುಗಳು ತೆರೆದುಕೊಂಡಿರಲು ಹೊರಗಡೆಯೂ ಒಂದಿಷ್ಟು ಪೊಟ್ಯಾಸಿಯಂ ಇರಬೇಕು. ಅದು ತಗ್ಗಿದಾಗ ಬಾಗಿಲುಗಳೇ ಕಿರಿದಾಗುತ್ತವೆ. ಕೋಶ ಮೊದಲಿನ ಸ್ಥಿತಿಗೆ ಬರಲು ತಡವಾಗುತ್ತದೆ. ಪಂಪೂ ಸೊರಗಿ ಕೋಶದೊಳಗೆ ಸೋಡಿಯಂ, ಅದರ ಬೆನ್ನಿಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತವೆ. ಹೀಗೆ ಅರೆಬರೆ ಸಿದ್ಧವಾದ ಕೋಶಗಳಲ್ಲಿ ಎಲ್ಲೋ ಒಂದು, ಸರದಿ ಬರುವ ಮೊದಲೇ ತಾನೇ ಸಿಡಿದುಬಿಡುತ್ತದೆ. ವೈದ್ಯರು ‘ಎಕ್ಟೋಪಿಕ್’ ಎನ್ನುವ ಅಕಾಲ ಬಡಿತ ಅದೇ. ಅದು ಬೇಗ ಬಂದದ್ದರಿಂದ ಹೃದಯ ಇನ್ನೂ ತುಂಬಿರುವುದಿಲ್ಲ, ಚಿಮ್ಮುವ ರಕ್ತ ಮಣಿಕಟ್ಟಿನವರೆಗೆ ಮುಟ್ಟುವುದಿಲ್ಲ. ನಾಡಿ ಹಿಡಿದವರಿಗೆ ಬಡಿತ ಬಿಟ್ಟುಹೋದಂತೆ ಕಾಣುತ್ತದೆ. ಆಮೇಲಿನ ಸಣ್ಣ ವಿರಾಮದಲ್ಲಿ ಹೃದಯ ಚೆನ್ನಾಗಿ ತುಂಬಿಕೊಂಡು ಜೋರಾಗಿ ಹಿಂಡುತ್ತದೆ. ಎದೆಗೆ ಗುದ್ದಿದಂತೆ ಅನಿಸುವುದು ಈ ಬಡಿತ.

ಅಲ್ಲೊಂದು ಇಲ್ಲೊಂದು ಅಕಾಲ ಬಡಿತ ಆರೋಗ್ಯವಂತರಲ್ಲೂ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪೊಟ್ಯಾಸಿಯಂ 3ರಿಂದ 3.5ರ ನಡುವೆ ಇದ್ದರೆ ಕೊರತೆ ಅಲ್ಪ, 2.5ರಿಂದ 3ರ ನಡುವೆ ಮಧ್ಯಮ, 2.5ಕ್ಕಿಂತ ಕೆಳಗೆ ತೀವ್ರ. ಹೃದಯ ಗಟ್ಟಿಯಿರುವ ಯುವಕರು 3.1ರಲ್ಲೂ ಏನೂ ಗೊತ್ತಾಗದೆ ಓಡಾಡಿಕೊಂಡಿರಬಹುದು. ಹಳೆಯ ಹೃದಯಾಘಾತವಿದ್ದವರಿಗೆ, ಹೃದಯ ಊದಿದವರಿಗೆ, ಡಿಗಾಕ್ಸಿನ್ ಮಾತ್ರೆ ನುಂಗುತ್ತಿರುವವರಿಗೆ ಅದೇ 3.1 ಅಪಾಯದ ಗೆರೆ. ಒಂದೇ ಅಂಕಿ ಒಬ್ಬರಿಗೆ ಕ್ಷುಲ್ಲಕ, ಇನ್ನೊಬ್ಬರಿಗೆ ಗಂಭೀರ ಎಂಬುದನ್ನು ರಿಪೋರ್ಟ್ ಓದುವವರು ಮರೆಯಬಾರದು.

ಭೇದಿಯಲ್ಲಿ ಎಷ್ಟು ಪೊಟ್ಯಾಸಿಯಂ ಹೋಗುತ್ತದೆ? ಸಾಮಾನ್ಯ ದಿನಗಳಲ್ಲಿ ಮಲದೊಂದಿಗೆ ಹೋಗುವುದು ಸುಮಾರು 10 ಮಿಲಿಮೋಲ್ ಮಾತ್ರ. ನೀರುಭೇದಿ ಶುರುವಾದಾಗ ಲೀಟರಿಗೆ ಹೆಚ್ಚುಕಡಿಮೆ 20ರಿಂದ 30 ಮಿಲಿಮೋಲ್ ಹೋಗುತ್ತದೆ, ಲೀಟರುಗಟ್ಟಲೆ ಹೋಗುತ್ತದೆ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಮೂತ್ರದಲ್ಲಿದೆ. ನೀರು ಕಡಿಮೆಯಾದಾಗ ದೇಹ ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಮೂತ್ರಪಿಂಡಗಳು ಸೋಡಿಯಂ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳಲಿ ಎಂಬುದು ಅದರ ಉದ್ದೇಶ, ಆದರೆ ಆ ಸೋಡಿಯಂಗೆ ಬದಲಾಗಿ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ರಕ್ತದ ಪ್ರಮಾಣ ಉಳಿಸಿಕೊಳ್ಳುವ ಪ್ರಯತ್ನದಲ್ಲಿ ದೇಹ ತನ್ನದೇ ಪೊಟ್ಯಾಸಿಯಂ ಅನ್ನು ಕಳೆಯುತ್ತದೆ. ಜೊತೆಗೆ ವಾಂತಿಯಿದ್ದರೆ ಇದು ಇನ್ನೂ ಹೆಚ್ಚು. ವಾಂತಿಯ ನೀರಿನಲ್ಲಿ ಇರುವ ಪೊಟ್ಯಾಸಿಯಂ ಸ್ವಲ್ಪವೇ, ಆದರೆ ಹೊಟ್ಟೆಯ ಆಮ್ಲ ಹೋಗಿ ರಕ್ತ ಕ್ಷಾರವಾದಾಗ ಮೂತ್ರದಲ್ಲಿ ಪೊಟ್ಯಾಸಿಯಂ ಹರಿದುಹೋಗುತ್ತದೆ. ಈ ಹೊತ್ತಿನಲ್ಲಿ ಊಟವೂ ಇರುವುದಿಲ್ಲ. ದಿನಕ್ಕೆ ಮೂರೂವರೆ ಗ್ರಾಂನಷ್ಟು ಬೇಕಾದ ಲವಣ ಅನ್ನದ ತಿಳಿಯಲ್ಲೋ ಸಕ್ಕರೆ ನೀರಿನಲ್ಲೋ ಸಿಗುವಂಥದ್ದಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಬಯಲುಸೀಮೆಯ ಊರೊಂದರ 58 ವರ್ಷದ ಹೆಂಗಸು, ತೂಕ 60 ಕಿಲೋ. ಆರು ವರ್ಷದಿಂದ ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಜೈಡ್ ಇರುವ ಮಾತ್ರೆ ನುಂಗುತ್ತಿದ್ದಾರೆ. ಇದು ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಮಾತ್ರೆ. ಬೆಳಗ್ಗೆ ಅದನ್ನು ನುಂಗುವ ರೂಢಿ ಎಷ್ಟು ಗಟ್ಟಿಯೆಂದರೆ ಭೇದಿಯ ದಿನವೂ ಬಿಡುವುದಿಲ್ಲ. ಮದುವೆ ಊಟದ ಮರುದಿನ ವಾಂತಿಭೇದಿ ಶುರುವಾಗುತ್ತದೆ. ಎರಡು ದಿನದಲ್ಲಿ ಒಟ್ಟು ನಾಲ್ಕು ಲೀಟರಿನಷ್ಟು ನೀರುಭೇದಿ. ಲೀಟರಿಗೆ 25ರಂತೆ ಹಿಡಿದರೆ ಮಲದಲ್ಲಿ ಹೋದ ಪೊಟ್ಯಾಸಿಯಂ 100 ಮಿಲಿಮೋಲ್. ಮಾತ್ರೆ ಮತ್ತು ಆಲ್ಡೋಸ್ಟಿರೋನ್ ಸೇರಿ ಮೂತ್ರದಲ್ಲಿ ದಿನಕ್ಕೆ 50ರಂತೆ ಇನ್ನೊಂದು 100. ಎರಡು ದಿನದ ನಷ್ಟ 200 ಮಿಲಿಮೋಲ್, ಅಂದರೆ ಹತ್ತಿರ ಹತ್ತಿರ 8 ಗ್ರಾಂ. ತಿಂದದ್ದು ಒಂದೆರಡು ಲೋಟ ಗಂಜಿ. ರಕ್ತದ ಪೊಟ್ಯಾಸಿಯಂ 4ರಿಂದ 3ಕ್ಕೆ ಇಳಿದಿದ್ದರೆ ಮೈಯಲ್ಲಿ ಒಟ್ಟು ಕೊರತೆ ಸಾಮಾನ್ಯವಾಗಿ 200ರಿಂದ 400 ಮಿಲಿಮೋಲ್ ಇರುತ್ತದೆ ಎಂಬುದು ವೈದ್ಯರು ಬಳಸುವ ಅಂದಾಜು. ಮೂತ್ರದ ಮಾತ್ರೆಯಿಂದಾಗಿ ಈ ಹೆಂಗಸಿನ ಪೊಟ್ಯಾಸಿಯಂ ಮೊದಲೇ 3.6ರ ಹತ್ತಿರ ಇದ್ದಿರಬಹುದು. ಈಗ ಅದು 2.8.

ಎರಡನೆಯ ದಿನ ಸಂಜೆ ಅವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾರೆ. ಸುಸ್ತು ನೋಡಿ ಮನೆಯವರೇ ಕೇಳುತ್ತಾರೆ: “ಒಂದು ಗ್ಲೂಕೋಸ್ ಹಾಕಿಬಿಡಿ ಸರ್.” ಹಾಕಲಾಗುತ್ತದೆ. ಬಾಟಲಿ ಮುಗಿಯುವ ಹೊತ್ತಿಗೆ ಬಾಯಿ ಒಣಗುವುದು ಕಡಿಮೆಯಾಗುತ್ತದೆ, ತಲೆಸುತ್ತು ಸ್ವಲ್ಪ ಇಳಿಯುತ್ತದೆ. ರಾತ್ರಿ ಮಲಗಿದಾಗ ಬೇರೊಂದು ಶುರುವಾಗುತ್ತದೆ. “ಗ್ಲೂಕೋಸ್ ಹಾಕ್ಸಿದ್ರೂ ಎದೆ ಯಾಕೋ ಒಂಥರಾ ಹಾರ್ತಾ ಇದೆ ಕಣಪ್ಪ, ನಿಂತು ನಿಂತು ಬಡಿದ ಹಾಗೆ ಆಗ್ತಿದೆ” ಎಂದು ಅವರು ಮಗನನ್ನು ಎಬ್ಬಿಸುತ್ತಾರೆ. ಕಾಲುಗಳಲ್ಲಿ ಶಕ್ತಿಯೇ ಇಲ್ಲ, ಎದ್ದು ಬಚ್ಚಲಿಗೆ ಹೋಗಲು ಹಿಡಿದುಕೊಳ್ಳಬೇಕು. ಮೀನಖಂಡ ಸೆಳೆಯುತ್ತಿದೆ, ಹೊಟ್ಟೆ ಉಬ್ಬಿದೆ.

ಆ ಬಾಟಲಿಯಲ್ಲಿ ಏನಿತ್ತು ಎಂಬುದರಲ್ಲೇ ಇದಕ್ಕೆ ಉತ್ತರವಿದೆ. ಊರುಕಡೆ ‘ಗ್ಲೂಕೋಸ್’ ಎಂದು ಕರೆಯುವುದು ಕೆಲವೊಮ್ಮೆ ನಿಜವಾಗಿ ಶೇಕಡ 5ರ ಡೆಕ್ಸ್‌ಟ್ರೋಸ್, ಕೆಲವೊಮ್ಮೆ ನಾರ್ಮಲ್ ಸಲೈನ್, ಕೆಲವೊಮ್ಮೆ ರಿಂಗರ್ ಲ್ಯಾಕ್ಟೇಟ್. ಅರ್ಧ ಲೀಟರ್ ಡೆಕ್ಸ್‌ಟ್ರೋಸಿನಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ, ಐದಾರು ಚಮಚದಷ್ಟು. ಸೋಡಿಯಂ ಇಲ್ಲ, ಪೊಟ್ಯಾಸಿಯಂ ಇಲ್ಲ. ಸಕ್ಕರೆ ರಕ್ತಕ್ಕೆ ಸೇರಿದೊಡನೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಕೋಶಗಳೊಳಕ್ಕೆ ಸೇರಿಸುವಾಗ ರಕ್ತದಲ್ಲಿದ್ದ ಪೊಟ್ಯಾಸಿಯಂ ಅನ್ನೂ ಒಳಕ್ಕೆ ತಳ್ಳುತ್ತದೆ. ಮೊದಲೇ ಕಡಿಮೆ ಇದ್ದದ್ದು ಇನ್ನೂ ಇಳಿಯುತ್ತದೆ. ನಾರ್ಮಲ್ ಸಲೈನಿನಲ್ಲಿ ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಇದೆ, ರಕ್ತದ ಪ್ರಮಾಣವನ್ನು ಅದು ಚೆನ್ನಾಗಿ ತುಂಬುತ್ತದೆ, ಆದರೆ ಪೊಟ್ಯಾಸಿಯಂ ಅದರಲ್ಲೂ ಇಲ್ಲ. ರಿಂಗರ್ ಲ್ಯಾಕ್ಟೇಟಿನಲ್ಲಿ ಲೀಟರಿಗೆ 4ರಿಂದ 5 ಮಿಲಿಮೋಲ್ ಇದೆ. ಭೇದಿಗೆ ಈ ಮೂರರಲ್ಲಿ ಅದೇ ಮೇಲು, ಆದರೂ 200ರ ಕೊರತೆಯನ್ನು ಅದೊಂದೇ ತುಂಬಲಾರದು. ಮೂರೂ ಬಾಟಲಿಗಳಿಗೆ ಜನ ಒಂದೇ ಹೆಸರಿಟ್ಟಿರುವುದು ಬರೀ ಮಾತಿನ ತೊಡಕಲ್ಲ. ಯಾವುದು ಹಾಕಲಾಯಿತು ಎಂದು ಮುಂದಿನ ವೈದ್ಯರು ಕೇಳಿದಾಗ ‘ಗ್ಲೂಕೋಸ್’ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯಲ್ಲಿ ಈ ಕೊರತೆ ತನ್ನದೇ ಗುರುತು ಬಿಟ್ಟಿರುತ್ತದೆ. ಪ್ರತಿ ಬಡಿತದ ಕೊನೆಯಲ್ಲಿ ಗುಡ್ಡದಂತೆ ಏಳಬೇಕಾದ ‘ಟಿ’ ಅಲೆ ಚಪ್ಪಟೆಯಾಗಿರುತ್ತದೆ. ಅದರ ಹಿಂದೆ ಸಾಮಾನ್ಯವಾಗಿ ಕಾಣದ ‘ಯು’ ಎಂಬ ಇನ್ನೊಂದು ಅಲೆ ತಲೆಯೆತ್ತುತ್ತದೆ. ನಡುನಡುವೆ ಅಗಲವಾದ, ವಿಕಾರ ಆಕಾರದ ಅಕಾಲ ಬಡಿತಗಳು. ಹೃದಯ ಮತ್ತೆ ಅಣಿಯಾಗಲು ತೆಗೆದುಕೊಳ್ಳುವ ಸಮಯ, ಅಂದರೆ ‘ಕ್ಯೂಟಿ’ ಅಂತರ, ಉದ್ದವಾಗಿರುತ್ತದೆ. ಈ ಉದ್ದವಾಗುವಿಕೆಯೇ ಹೆಚ್ಚು ಹೆದರಬೇಕಾದದ್ದು. ಅದು ಅತಿಯಾದರೆ ‘ಟೋರ್ಸಾದ್ ದ ಪ್ವಾಂಟ್’ ಎಂಬ ಅತಿ ವೇಗದ ಬಡಿತ ಹುಟ್ಟಿಕೊಳ್ಳಬಹುದು. ಇಸಿಜಿ ಗೆರೆ ಹುರಿಹಗ್ಗದಂತೆ ತಿರುಚಿಕೊಳ್ಳುವುದರಿಂದ ಫ್ರಾನ್ಸಿನ ವೈದ್ಯ ದೆಸರ್ಟೆನ್ 1966ರಲ್ಲಿ ಇಟ್ಟ ಹೆಸರು ಅದು. ಅದು ಬಂದಾಗ ಮನುಷ್ಯ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಕೆಲವೊಮ್ಮೆ ಹೃದಯ ನಿಂತೇಹೋಗುತ್ತದೆ.

ಭೇದಿಗೆಂದು ಕೊಡುವ ಔಷಧಿಗಳಲ್ಲೇ ಕೆಲವು ಈ ಅಂತರವನ್ನು ಉದ್ದ ಮಾಡುವಂಥವು ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಮತ್ತು ಡಾಂಪೆರಿಡೋನ್, ಸೋಂಕಿಗೆ ಕೊಡುವ ಅಜಿತ್ರೋಮೈಸಿನ್ ಮತ್ತು ಸಿಪ್ರೋಫ್ಲಾಕ್ಸಾಸಿನ್ ಆ ಗುಂಪಿಗೆ ಸೇರುತ್ತವೆ. ಪೊಟ್ಯಾಸಿಯಂ ಸರಿಯಿರುವವರಿಗೆ ಒಂದೆರಡು ಡೋಸಿನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅವು ಕೆಟ್ಟ ಔಷಧಿಗಳೂ ಅಲ್ಲ. ಆದರೆ ಪೊಟ್ಯಾಸಿಯಂ 2.8ಕ್ಕೆ ಇಳಿದಿರುವಾಗ ಮೆಡಿಕಲ್ ಸ್ಟೋರಿನಿಂದ ತಂದ ಇಂಥ ಎರಡು ಮೂರು ಮಾತ್ರೆಗಳನ್ನು ಒಟ್ಟಿಗೆ ನುಂಗುವುದು ನಿಜಕ್ಕೂ ಅಪಾಯ. ಮಲ ಗಟ್ಟಿಮಾಡಲು ನುಂಗುವ ಲೋಪರಮೈಡ್ ಕೂಡ ಅಳತೆ ಮೀರಿದರೆ ಹೃದಯದ ತಾಳವನ್ನು ಕೆಡಿಸುತ್ತದೆ.

ಆ ಹೆಂಗಸಿನ ಚಿಕಿತ್ಸೆ ಹೀಗೆ ಸಾಗುತ್ತದೆ. ಮೊದಲು ರಿಂಗರ್ ಲ್ಯಾಕ್ಟೇಟ್ ಹಾಕಿ ರಕ್ತದೊತ್ತಡ ಮೇಲಕ್ಕೆ ಬರುವಂತೆ ಮಾಡುತ್ತಾರೆ. ಮೂತ್ರ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳುತ್ತಾರೆ, ಏಕೆಂದರೆ ಮೂತ್ರಪಿಂಡ ಕೆಲಸ ಮಾಡದಿರುವಾಗ ಪೊಟ್ಯಾಸಿಯಂ ಕೊಟ್ಟರೆ ಅದು ಹೊರಹೋಗಲು ದಾರಿಯಿರುವುದಿಲ್ಲ. ರಕ್ತದೊತ್ತಡದ ಆ ಮಾತ್ರೆಯನ್ನು ನಿಲ್ಲಿಸುತ್ತಾರೆ. ಆಮೇಲೆ ಅರ್ಧ ಲೀಟರ್ ಸಲೈನಿನಲ್ಲಿ 20 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಎರಡು ಗಂಟೆಯ ಮೇಲೆ ನಿಧಾನವಾಗಿ ಹರಿಸುತ್ತಾರೆ. ಕೈಯ ನರದಲ್ಲಿ ಗಂಟೆಗೆ 10 ಮಿಲಿಮೋಲ್ ಎಂಬುದು ಸಾಮಾನ್ಯ ಮಿತಿ. ಅದಕ್ಕಿಂತ ವೇಗವಾಗಿ ಕೊಡಬೇಕಾದರೆ ಹೃದಯದ ಮಾನಿಟರ್ ಇರಬೇಕು. ಪೊಟ್ಯಾಸಿಯಂ ಅನ್ನು ಬೆರೆಸದೆ ಸಿರಿಂಜಿನಿಂದ ನೇರವಾಗಿ ಎಂದೂ ಚುಚ್ಚುವಂತಿಲ್ಲ, ಹಾಗೆ ಮಾಡಿದರೆ ಕ್ಷಣದಲ್ಲಿ ಹೃದಯ ನಿಲ್ಲುತ್ತದೆ. ವಾಂತಿ ನಿಂತ ಮೇಲೆ ಬಾಯಿಯ ಮೂಲಕ ಸಿರಪ್ ಕೊಡುತ್ತಾರೆ. ಸಾಮಾನ್ಯವಾಗಿ ಸಿಗುವ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ಪಿನ 15 ಮಿಲಿಲೀಟರಿನಲ್ಲಿ 20 ಮಿಲಿಮೋಲ್ ಇರುತ್ತದೆ. ರುಚಿ ಕಹಿ ಉಪ್ಪು, ಒಂದು ಲೋಟ ನೀರಿಗೆ ಬೆರೆಸದೆ ಕುಡಿದರೆ ಹೊಟ್ಟೆ ಉರಿಯುತ್ತದೆ. ಬಾಯಿಂದ ಕೊಡಲು ಸಾಧ್ಯವಿದ್ದಾಗ ಅದೇ ಸುರಕ್ಷಿತವಾದ ದಾರಿ.

ಇಷ್ಟಾದರೂ ಮರುದಿನದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 2.9ಕ್ಕೆ ಮಾತ್ರ ಏರಿದ್ದರೆ? ಆಗ ನೋಡಬೇಕಾದದ್ದು ಮೆಗ್ನೀಸಿಯಂ. ಭೇದಿ ಮತ್ತು ಮೂತ್ರದ ಮಾತ್ರೆ ಎರಡೂ ಮೆಗ್ನೀಸಿಯಂ ಅನ್ನೂ ಹೊರಗೆ ಹಾಕುತ್ತವೆ. ಮೂತ್ರಪಿಂಡದಲ್ಲಿ ಪೊಟ್ಯಾಸಿಯಂ ಸೋರುವ ಬಾಗಿಲಿಗೆ ಮೆಗ್ನೀಸಿಯಂ ಒಂದು ಬಿರಡೆಯಿದ್ದಂತೆ. ಅದು ಇಲ್ಲದಿದ್ದರೆ ಕೊಟ್ಟ ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತಲೇ ಇರುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಈ ಸೋರಿಕೆ ನಿಲ್ಲಿಸಿದ ಮೇಲಷ್ಟೇ ಪೊಟ್ಯಾಸಿಯಂ ನಿಲ್ಲುತ್ತದೆ. ಟೋರ್ಸಾದ್‌ಗೂ ಮೊದಲ ಔಷಧಿ ಮೆಗ್ನೀಸಿಯಂ ಸಲ್ಫೇಟೇ. ಸೋಡಿಯಂ ಪೊಟ್ಯಾಸಿಯಂ ಎರಡನ್ನೇ ನೋಡಿ ಮೆಗ್ನೀಸಿಯಂ ಪರೀಕ್ಷೆ ಬಿಟ್ಟುಬಿಡುವುದು ಚಿಕ್ಕ ಊರುಗಳಲ್ಲಿ ಆಗಾಗ ಆಗುವ ಲೋಪ. ಮೆಗ್ನೀಸಿಯಂ ಸರಿಯಾದರೆ ಈ ಉದಾಹರಣೆಯ ಹೆಂಗಸಿನಂಥವರ ಪೊಟ್ಯಾಸಿಯಂ ಮೂರು ನಾಲ್ಕು ದಿನದಲ್ಲಿ 4ರ ಹತ್ತಿರ ಬರುತ್ತದೆ, ಅಕಾಲ ಬಡಿತಗಳು ನಿಲ್ಲುತ್ತವೆ.

ರಿಪೋರ್ಟಿನ ಅಂಕಿ ಮೋಸ ಮಾಡುವ ಇನ್ನೊಂದು ಸನ್ನಿವೇಶವಿದೆ. ತೀವ್ರ ಭೇದಿಯಲ್ಲಿ ಮಲದೊಂದಿಗೆ ಬೈಕಾರ್ಬೊನೇಟ್ ಹೋಗಿ ರಕ್ತ ಆಮ್ಲೀಯವಾಗುತ್ತದೆ. ಆಗ ಕೋಶಗಳ ಒಳಗಿನ ಪೊಟ್ಯಾಸಿಯಂ ರಕ್ತಕ್ಕೆ ಇಳಿದುಬರುತ್ತದೆ. ಉಗ್ರಾಣ ಬರಿದಾಗಿದ್ದರೂ ಅಂಗಡಿಯ ಮುಂದಿನ ಕಪಾಟು ತುಂಬಿದಂತೆ ಕಾಣುತ್ತದೆ. ರಿಪೋರ್ಟಿನಲ್ಲಿ 3.7 ಬಂದರೆ ಎಲ್ಲ ಸರಿಯಿದೆ ಎನಿಸುತ್ತದೆ. ಆಮ್ಲ ತಹಬಂದಿಗೆ ಬರುತ್ತಿದ್ದಂತೆ ಪೊಟ್ಯಾಸಿಯಂ ಕೋಶಗಳಿಗೆ ಮರಳಿ ಹೋಗಿ ರಕ್ತದಲ್ಲಿ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಜೋರು ಭೇದಿಯಲ್ಲಿ ಒಂದೇ ಸಲದ ಪರೀಕ್ಷೆ ಸಾಲದು. ಚಿಕಿತ್ಸೆ ಶುರುವಾದ ಕೆಲವು ಗಂಟೆಗಳ ಮೇಲೆ ಮತ್ತೆ ನೋಡಬೇಕು.

ಸೋಡಿಯಂ ಏರುಪೇರಿನ ಪಾತ್ರ ಹೃದಯದ ತಾಳದಲ್ಲಿ ಚಿಕ್ಕದು. ಭೇದಿಯಾದವರು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ಸೋಡಿಯಂ ಇಳಿಯುತ್ತದೆ, ಆದರೆ ಅದರ ಪೆಟ್ಟು ಮೊದಲು ಬೀಳುವುದು ಮೆದುಳಿಗೆ. ತಲೆನೋವು, ಮಂಕು, ತಡವರಿಸುವ ಮಾತು, ತೀರಾ ಇಳಿದರೆ ಫಿಟ್ಸ್. ವಯಸ್ಸಾದವರು ಭೇದಿಯ ಮೂರನೆಯ ದಿನ ಅಸಂಬದ್ಧವಾಗಿ ಮಾತಾಡತೊಡಗಿದರೆ ನೆನಪಿಗೆ ಬರಬೇಕಾದದ್ದು ಸೋಡಿಯಂ. ಕ್ಯಾಲ್ಸಿಯಂ ಇಳಿದರೂ ಕ್ಯೂಟಿ ಅಂತರ ಉದ್ದವಾಗುತ್ತದೆ. ಮೆಗ್ನೀಸಿಯಂ ತೀರಾ ಕಡಿಮೆಯಾದಾಗ ಅದರ ಹಿಂದೆಯೇ ಇದೂ ಬರುತ್ತದೆ.

ಇವೆಲ್ಲವೂ ಆಗದಂತೆ ತಡೆಯುವ ಅಗ್ಗದ ಸಾಧನ ಓಆರ್‌ಎಸ್. ಅದರೊಳಗೆ ಪೊಟ್ಯಾಸಿಯಂ ಹೇಗೆ ಬಂತು ಎಂಬುದು ತಿಳಿಯಬೇಕಾದ ವಿಷಯ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಎದ್ದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬೀಸ್ ಅವರ ಬಳಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಮೂರನ್ನು ತೂಗಿ ಬೆರೆಸಿ, ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ 30ರ ಹತ್ತಿರದಿಂದ 4ಕ್ಕಿಂತ ಕೆಳಗೆ ಇಳಿಯಿತು. ಆ ಮಿಶ್ರಣದಲ್ಲಿ ಪೊಟ್ಯಾಸಿಯಂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಸರಳತೆಯೇ ಮುಖ್ಯವಾಗಿತ್ತು. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಂದೇ ಸೂತ್ರ ಒಪ್ಪಿಕೊಂಡಾಗ ಲೀಟರಿಗೆ ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿತು. 2002ರಲ್ಲಿ ಉಪ್ಪು ಸಕ್ಕರೆಗಳ ಅಳತೆಯನ್ನು ತಗ್ಗಿಸಿದರೂ ಆ ಒಂದೂವರೆ ಗ್ರಾಂ ಮುಟ್ಟಲಿಲ್ಲ. ಇಂದಿನ ಪೊಟ್ಟಣದಲ್ಲಿ ಅದರ ಜೊತೆಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಹಾಗೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವ ಪೊಟ್ಯಾಸಿಯಂ 20 ಮಿಲಿಮೋಲ್, ಹೆಚ್ಚುಕಡಿಮೆ ಒಂದು ಲೀಟರ್ ನೀರುಭೇದಿಯಲ್ಲಿ ಹೋಗುವಷ್ಟೇ. ಮೇಲಿನ ಉದಾಹರಣೆಯ ಹೆಂಗಸು ಮೊದಲ ದಿನದಿಂದಲೇ ಹೋದಷ್ಟು ಅಳತೆಯ ಓಆರ್‌ಎಸ್ ಕುಡಿದು, ವೈದ್ಯರನ್ನು ಕೇಳಿ ಮೂತ್ರದ ಮಾತ್ರೆ ನಿಲ್ಲಿಸಿದ್ದರೆ ಪೊಟ್ಯಾಸಿಯಂ 2.8ಕ್ಕೆ ಮುಟ್ಟುವ ಸಂಭವ ತೀರಾ ಕಡಿಮೆಯಿತ್ತು.

ಮನೆಯಲ್ಲಿ ಮಾಡುವ ಸಕ್ಕರೆ-ಉಪ್ಪಿನ ನೀರು ಪೊಟ್ಟಣ ಸಿಗದ ಹೊತ್ತಿಗೆ ಒಳ್ಳೆಯದೇ. ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅದರಲ್ಲಿ ಪೊಟ್ಯಾಸಿಯಂ ಇಲ್ಲ ಎಂಬುದು ನೆನಪಿರಲಿ. ಎಳನೀರಿನದು ಇದಕ್ಕೆ ಉಲ್ಟಾ. ಒಂದು ಲೋಟ ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಆದರೆ ಸೋಡಿಯಂ ಬಹಳ ಕಡಿಮೆ. ಬರೀ ಎಳನೀರನ್ನೇ ನಂಬಿದರೆ ರಕ್ತದ ಪ್ರಮಾಣ ತುಂಬುವುದಿಲ್ಲ, ಬರೀ ಉಪ್ಪಿನ ನೀರನ್ನೇ ನಂಬಿದರೆ ಪೊಟ್ಯಾಸಿಯಂ ಬರುವುದಿಲ್ಲ. ಎರಡೂ ಇದ್ದರೆ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಬೇಳೆಕಟ್ಟು, ಬಾಳೆಹಣ್ಣು ಸೇರಿದರೆ ಮನೆಯಲ್ಲೇ ಬಹಳ ಮಟ್ಟಿಗೆ ನಿಭಾಯಿಸಬಹುದು. ಬಾಳೆಹಣ್ಣಿನ ಬಗ್ಗೆ ಅತಿಯಾದ ನಂಬಿಕೆ ಬೇಡ. ದೊಡ್ಡ ಪಚ್ಚಬಾಳೆಯೊಂದರಲ್ಲಿ ಸುಮಾರು 10 ಮಿಲಿಮೋಲ್ ಇರುತ್ತದೆ, ಪುಟ್ಟ ಏಲಕ್ಕಿಬಾಳೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. 200ರ ಕೊರತೆಯನ್ನು ಹಣ್ಣಿನಿಂದಲೇ ತುಂಬಲು ಹೊರಟರೆ 20 ಹಣ್ಣು ಬೇಕು. ಪೆಟ್ಟಿಗೆಗಳಲ್ಲಿ ಮಾರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಅವುಗಳಲ್ಲಿನ ಹೆಚ್ಚು ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿಯನ್ನೇ ಹೆಚ್ಚಿಸುತ್ತದೆ.

ನಾಡಿ ನೋಡುವುದು ಮನೆಯಲ್ಲಿ ಯಾರಾದರೂ ಕಲಿಯಬಹುದಾದ ಕೆಲಸ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರಬದಿಯಲ್ಲಿ ನಡುವಿನ ಮೂರು ಬೆರಳುಗಳನ್ನು ಹಗುರವಾಗಿ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಿದ ಬಡಿತಗಳು ಕೈಗೆ ಸಿಗದೇ ಹೋಗಬಹುದು. ಎಷ್ಟಿದೆ ಎಂಬುದಕ್ಕಿಂತ ಹೇಗಿದೆ ಎಂಬುದನ್ನು ಗಮನಿಸಬೇಕು. ವೇಗವಾಗಿದ್ದು ಸಮವಾಗಿದ್ದರೆ ನೀರಿನ ಕೊರತೆಯೋ ಜ್ವರವೋ ಇರಬಹುದು. ಓಆರ್‌ಎಸ್ ಕುಡಿದು ಮೂತ್ರ ಬರತೊಡಗಿದ ಮೇಲೆ ನಾಡಿಯೂ ಇಳಿಯಬೇಕು. ನಡುನಡುವೆ ಬಿಟ್ಟುಹೋಗುತ್ತಿದ್ದರೆ, ಒಂದಕ್ಕೊಂದು ತಾಳೆಯೇ ಇಲ್ಲದಂತಿದ್ದರೆ, ನೀರು ಕುಡಿದ ಮೇಲೂ 120ರ ಮೇಲೆಯೇ ಉಳಿದಿದ್ದರೆ ಇಸಿಜಿ ಮತ್ತು ರಕ್ತಪರೀಕ್ಷೆ ಅಂದೇ ಆಗಬೇಕು. ಎದೆನೋವು, ಉಸಿರುಕಟ್ಟುವಿಕೆ, ಪ್ರಜ್ಞೆ ತಪ್ಪುವುದು, ಕೈಕಾಲು ಎತ್ತಲಾಗದ ನಿಶ್ಶಕ್ತಿ ಇದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಭೇದಿಯೂ ಎದೆಬಡಿತವೂ ವಾರಗಟ್ಟಲೆ ಒಟ್ಟಿಗೆ ಇದ್ದು ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಅದು ಎರಡನ್ನೂ ತರುತ್ತದೆ.

ಕೊರತೆಯೆಂದು ಊಹಿಸಿ ತಾವಾಗಿಯೇ ಪೊಟ್ಯಾಸಿಯಂ ಸಿರಪ್ ಕುಡಿಯುವುದು ಮಾತ್ರ ಬೇಡವೇ ಬೇಡ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಪ್ರಿಲ್, ರಾಮಿಪ್ರಿಲ್ ನುಂಗುವವರಲ್ಲಿ, ಸ್ಪೈರೋನೊಲ್ಯಾಕ್ಟೋನ್ ನುಂಗುವವರಲ್ಲಿ, ಮೂತ್ರಪಿಂಡ ಸೊರಗಿದವರಲ್ಲಿ ಇದೇ ಭೇದಿ ಉಲ್ಟಾ ಫಲ ಕೊಡಬಹುದು. ನೀರು ಇಂಗಿ ಮೂತ್ರಪಿಂಡ ಕುಂಟಿದಾಗ ಅವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವ ಬದಲು ಏರುತ್ತದೆ. ಅದೂ ತಾಳ ತಪ್ಪಿಸುತ್ತದೆ, ನಾಡಿಯನ್ನು ನಿಧಾನವಾಗಿಸಿ ಹೃದಯವನ್ನೇ ನಿಲ್ಲಿಸಬಲ್ಲದು. ಹೊರಗಿನಿಂದ ನೋಡಿ ಎರಡರಲ್ಲಿ ಯಾವುದು ಎಂದು ಹೇಳಲು ಬರುವುದಿಲ್ಲ. ಇಂಥವರಿಗೆ ಎಳನೀರು ಕೂಡ ವೈದ್ಯರನ್ನು ಕೇಳಿಯೇ.

ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಸರಿಯಾಗಿ ಭೇದಿ ನಿಂತ ಮೇಲೂ ನಾಡಿ ತಪ್ಪುತ್ತಿದ್ದರೆ ದೋಷ ಹೃದಯದಲ್ಲೇ ಇರಬಹುದು, ಅದಕ್ಕೆ ಎಕೋ ಮತ್ತು 24 ಗಂಟೆಯ ಹೋಲ್ಟರ್ ಪರೀಕ್ಷೆ ಬೇಕಾಗುತ್ತದೆ. ಅದಕ್ಕೂ ಮೊದಲು, ವಾಂತಿಭೇದಿಯಾದವರನ್ನು ಕ್ಲಿನಿಕ್ಕಿಗೆ ಕರೆದೊಯ್ಯುವಾಗ ಅವರು ನಿತ್ಯ ನುಂಗುವ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ‘ಗ್ಲೂಕೋಸ್ ಹಾಕಿ’ ಎನ್ನುವ ಬದಲು ‘ನಾಡಿ ತಪ್ಪುತ್ತಿದೆ, ಪೊಟ್ಯಾಸಿಯಂ ನೋಡಬೇಕೇ’ ಎಂದು ಕೇಳಿ.